ಸ್ಕಾಲರ್‌ಶಿಪ್ ಬಂದಿದೆ ಅಂತ ತೋರಿಸುತ್ತದೆ, ಪಾಸ್‌ಬುಕ್‌ನಲ್ಲಿ ಇಲ್ಲ: ಹಾಗಾದರೆ ದುಡ್ಡು ಎಲ್ಲಿ?

ಹೋದ ವರ್ಷ ಮೇ ತಿಂಗಳ ಮೊದಲ ವಾರ. ಸೇಡಂ ಕಡೆಯ ಒಬ್ಬ ಹುಡುಗ ನಮ್ಮ ಮನೆಗೆ ಬಂದ. ಕಲಬುರಗಿಯಲ್ಲಿ ಡಿಗ್ರಿ ಎರಡನೇ ವರ್ಷ ಓದುತ್ತಿದ್ದ. ಸರ್ಕಾರಿ ಹಾಸ್ಟೆಲ್‌ನಲ್ಲಿ ಸೀಟು ಸಿಕ್ಕಿರಲಿಲ್ಲ. ಇನ್ನಿಬ್ಬರ ಜೊತೆ ಸೇರಿ ರೂಮ್ ಮಾಡಿಕೊಂಡಿದ್ದ. ಹೀಗೆ ಹೊರಗೆ ಇದ್ದು ಓದುವ ಹಿಂದುಳಿದ ವರ್ಗದ ಮಕ್ಕಳಿಗೆ ವಿದ್ಯಾಸಿರಿ ಯೋಜನೆಯಲ್ಲಿ ಊಟ ಮತ್ತು ವಸತಿಗೆ ತಿಂಗಳಿಗೆ 1,500 ರೂಪಾಯಿಯಂತೆ ಹತ್ತು ತಿಂಗಳ ದುಡ್ಡು ಆಗ ಬರುತ್ತಿತ್ತು. ಅಂದರೆ ವರ್ಷಕ್ಕೆ 15,000. ಅದು ಇವನಿಗೆ ಮಂಜೂರಾಗಿತ್ತು.

"ಕಾಕಾ, ರೊಕ್ಕ ಹಾಕೀವಿ ಅಂತ ತೋರಸಲತ್ತದ. ಪಾಸ್‌ಬುಕ್‌ದಾಗ ಒಂದು ರೂಪಾಯಿ ಇಲ್ಲ" ಅಂದ.

ಪಾಸ್‌ಬುಕ್ ತಂದಿದ್ದ. ಸೇಡಂ ಬ್ಯಾಂಕಿನದು. ಕಾಲೇಜಿನಲ್ಲಿ ಅದರದೇ ಝೆರಾಕ್ಸ್ ಕೊಟ್ಟಿದ್ದನಂತೆ. ಆ ಬ್ಯಾಂಕಿನಲ್ಲಿ ಆಧಾರ್ ಲಿಂಕ್ ಆಗಿದೆಯಾ ಅಂತ ಕೇಳಿದರೆ, "ಆಗಿದೆ, ಮೂರು ಸಲ ಕೇಳಿ ಬಂದೀನಿ" ಅಂದ. ಕೌಂಟರಿನವರು ಮೂರು ಸಲವೂ ಕಂಪ್ಯೂಟರ್ ನೋಡಿ ಆಗಿದೆ ಅಂತಲೇ ಹೇಳಿ ಕಳಿಸಿದ್ದರು. ಅವರು ಹೇಳಿದ್ದು ಸುಳ್ಳಲ್ಲ. ಆದರೆ ಅವನಿಗೆ ಬೇಕಾಗಿದ್ದ ಉತ್ತರ ಅದಲ್ಲ.

ನಾನು ಬ್ಯಾಂಕಿನ ಕೌಂಟರಿನ ಹಿಂದೆ ಕೂತು ಕೆಲಸ ಮಾಡಿದವನು. ಕಲಬುರಗಿ, ಯಾದಗಿರಿ ಎರಡೂ ಕಡೆ ಇದೇ ಪ್ರಶ್ನೆ ಹಿಡಿದು ಬಂದವರನ್ನು ಎಷ್ಟು ಜನ ನೋಡಿದ್ದೇನೋ ಲೆಕ್ಕವಿಲ್ಲ. ಗೃಹಲಕ್ಷ್ಮಿಯ 2,000 ಬಂದಿಲ್ಲ ಅನ್ನುವ ಅಕ್ಕಂದಿರು, ಪಿಎಂ ಕಿಸಾನ್ ಕಂತು ನಿಂತಿದೆ ಅನ್ನುವ ರೈತರು, ಪಿಂಚಣಿ ಕೇಳುವ ಅಜ್ಜಂದಿರು. ಯೋಜನೆ ಬೇರೆ ಬೇರೆ. ಗೊಂದಲ ಮಾತ್ರ ಬಹಳ ಸಲ ಒಂದೇ. "ಆಧಾರ್ ಲಿಂಕ್" ಅನ್ನುವ ಎರಡು ಪದದ ಹಿಂದೆ ಎರಡು ಬೇರೆ ಬೇರೆ ಕೆಲಸಗಳಿವೆ. ಜನರಿಗೆ ಅದನ್ನು ಯಾರೂ ಬಿಡಿಸಿ ಹೇಳಿರುವುದಿಲ್ಲ.

ಮೊದಲನೆಯದು ಕೆವೈಸಿ. ನೀವು ಯಾರು ಅನ್ನುವುದಕ್ಕೆ ಬ್ಯಾಂಕು ನಿಮ್ಮ ಆಧಾರ್ ನೋಡಿ ತನ್ನ ದಾಖಲೆಯಲ್ಲಿ ಬರೆದುಕೊಳ್ಳುತ್ತದೆ. ನಿಮಗೆ ಐದು ಬ್ಯಾಂಕಿನಲ್ಲಿ ಖಾತೆ ಇದ್ದರೆ ಐದರಲ್ಲೂ ಇದು ಆಗಿರಬಹುದು. ಎರಡನೆಯದು ಡಿಬಿಟಿ ಜೋಡಣೆ. ಡಿಬಿಟಿ ಅಂದರೆ ಸರ್ಕಾರದ ದುಡ್ಡು ನೇರವಾಗಿ ಜನರ ಖಾತೆಗೆ ಬರುವುದು. ನಮ್ಮ ಕಡೆ ಜನ ಇದಕ್ಕೆ "ಎನ್‌ಪಿಸಿಐ ಮಾಡಿಸೋದು" ಅನ್ನುತ್ತಾರೆ. ಸರ್ಕಾರದ ದುಡ್ಡು ಯಾವ ಬ್ಯಾಂಕಿಗೆ ಹೋಗಬೇಕು ಅನ್ನುವುದನ್ನು ಬ್ಯಾಂಕುಗಳ ನಡುವೆ ದುಡ್ಡು ದಾಟಿಸುವ ಎನ್‌ಪಿಸಿಐ ಸಂಸ್ಥೆಯ ಒಂದು ದೊಡ್ಡ ಪಟ್ಟಿಯಲ್ಲಿ ಬರೆಸುವ ಕೆಲಸ ಅದು. ಆ ಪಟ್ಟಿಗೆ ಮ್ಯಾಪರ್ ಅನ್ನುತ್ತಾರೆ. ಅದರಲ್ಲಿ ಒಂದು ಆಧಾರ್ ನಂಬರಿನ ಮುಂದೆ ಒಂದೇ ಬ್ಯಾಂಕಿಗೆ ಜಾಗ. ಐದು ಖಾತೆ ಇದ್ದರೂ ಅಷ್ಟೇ.

ಸೇಡಂ ಕೌಂಟರಿನವರು ನೋಡಿದ್ದು ಮೊದಲನೆಯದನ್ನು. ಹುಡುಗ ಕೇಳಬೇಕಾಗಿದ್ದದ್ದು ಎರಡನೆಯದನ್ನು.

ದುಡ್ಡು ಹೊರಡುವ ದಾರಿಯನ್ನು ಒಂದು ಸಲ ನೋಡಿದರೆ ಉಳಿದದ್ದು ತಾನೇ ತಿಳಿಯುತ್ತದೆ. ಇಲಾಖೆ ಬಿಲ್ ಮಾಡುತ್ತದೆ. ಖಜಾನೆಯಿಂದ ದುಡ್ಡು ಒಂದು ಬ್ಯಾಂಕಿನ ಮೂಲಕ ಎನ್‌ಪಿಸಿಐಗೆ ಹೋಗುತ್ತದೆ. ಆಧಾರ್ ದಾರಿಯಲ್ಲಿ ಕಳಿಸುವ ಈ ದುಡ್ಡಿನ ಮೇಲೆ ವಿಳಾಸದ ಹಾಗೆ ಇರುವುದು ಆಧಾರ್ ನಂಬರ್. ಖಾತೆ ನಂಬರೂ ಬೇಡ, ಐಎಫ್‌ಎಸ್‌ಸಿ ಕೋಡೂ ಬೇಡ. ಎನ್‌ಪಿಸಿಐ ತನ್ನ ಪಟ್ಟಿ ನೋಡಿ, ಈ ಆಧಾರ್ ಇಂಥ ಬ್ಯಾಂಕಿನದು ಅಂತ ಆ ಬ್ಯಾಂಕಿಗೆ ದಾಟಿಸುತ್ತದೆ. ಅಲ್ಲಿಗೆ ಅದರ ಕೆಲಸ ಮುಗಿಯಿತು. ಆ ಬ್ಯಾಂಕು ತನ್ನ ಒಳಗಿನ ಇನ್ನೊಂದು ಪಟ್ಟಿ ತೆಗೆದು, ಈ ಆಧಾರ್ ನಮ್ಮಲ್ಲಿ ಯಾವ ಖಾತೆಗೆ ಜೋಡಣೆಯಾಗಿದೆ ಅಂತ ನೋಡಿ ಅದಕ್ಕೆ ಜಮಾ ಮಾಡುತ್ತದೆ.

ಅಂದರೆ ಪಟ್ಟಿ ಎರಡು. ಹೊರಗಿನ ಪಟ್ಟಿ ಬ್ಯಾಂಕನ್ನು ಹೇಳುತ್ತದೆ. ಒಳಗಿನ ಪಟ್ಟಿ ಖಾತೆಯನ್ನು ಹೇಳುತ್ತದೆ. ಇದೊಂದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಕಾಲೇಜಿಗೆ ಕೊಟ್ಟ ಪಾಸ್‌ಬುಕ್ ಝೆರಾಕ್ಸ್ ಈ ದಾರಿಯಲ್ಲಿ ಎಲ್ಲೂ ಬರಲಿಲ್ಲ, ನೋಡಿದಿರಾ? ಅದು ಕಚೇರಿಯ ಫೈಲಿನಲ್ಲಿ ಇರುತ್ತದೆ, ಅಷ್ಟೇ. ಮಕ್ಕಳು ಮಾತ್ರ ಝೆರಾಕ್ಸ್ ಕೊಟ್ಟಿದ್ದೇವಲ್ಲ, ಅದೇ ಖಾತೆಗೆ ಬರುತ್ತದೆ ಅಂತ ಕಾಯುತ್ತಾ ಕೂರುತ್ತಾರೆ.

ಹುಡುಗನ ಮೊಬೈಲಿನಲ್ಲೇ ಹುಡುಕಲು ಶುರು ಮಾಡಿದೆವು. ಮೊದಲು ಗೊತ್ತಾಗಬೇಕಾದದ್ದು ದುಡ್ಡು ನಿಜಕ್ಕೂ ಹೊರಟಿದೆಯಾ ಅನ್ನುವುದು. ರಾಜ್ಯ ಸರ್ಕಾರದ DBT Karnataka ಅಂತ ಒಂದು ಆ್ಯಪ್ ಇದೆ. ಆಧಾರ್ ನಂಬರ್ ಹಾಕಿ, ಮೊಬೈಲಿಗೆ ಬರುವ ಒಟಿಪಿ ಕೊಟ್ಟರೆ, ರಾಜ್ಯದ ಯಾವ ಯೋಜನೆಯಿಂದ ಎಷ್ಟು ದುಡ್ಡು ಯಾವತ್ತು ಬಂತು ಅಂತ ತೋರಿಸುತ್ತದೆ. ಇವನದರಲ್ಲಿ 15,000 ರೂಪಾಯಿ ಮಾರ್ಚ್ 25ಕ್ಕೆ ಜಮಾ ಆಗಿತ್ತು. ಬ್ಯಾಂಕಿನ ಹೆಸರೂ ಇತ್ತು. ಅದು ಸೇಡಂ ಬ್ಯಾಂಕಾಗಿರಲಿಲ್ಲ.

ಎರಡನೆಯದಾಗಿ `myaadhaar.uidai.gov.in` ತೆರೆದೆವು. ಅಲ್ಲೂ ಆಧಾರ್ ನಂಬರ್, ಒಟಿಪಿ. ಒಳಗೆ Bank Seeding Status ಅಂತ ಒಂದು ಗುಂಡಿ ಇದೆ. ಒತ್ತಿದರೆ ಬ್ಯಾಂಕಿನ ಹೆಸರು, ಜೋಡಣೆ Active ಇದೆಯೋ Inactive ಇದೆಯೋ ಅನ್ನುವುದು, ಕೊನೆಗೆ ಯಾವ ದಿನ ಬದಲಾಯಿತು ಅನ್ನುವುದು ಬರುತ್ತದೆ. ಖಾತೆ ನಂಬರ್ ಬರುವುದಿಲ್ಲ. ಯಾಕೆ ಅಂತ ಈಗ ನಿಮಗೆ ಗೊತ್ತು. ಹೊರಗಿನ ಪಟ್ಟಿಯಲ್ಲಿ ಖಾತೆ ನಂಬರ್ ಇರುವುದೇ ಇಲ್ಲ.

ಇವನದರಲ್ಲಿ ಅದೇ ಬೇರೆ ಬ್ಯಾಂಕು. Active. ತಾರೀಖು ಹಿಂದಿನ ವರ್ಷದ ಜೂನ್ ತಿಂಗಳದು.

"ಜೂನ್‌ದಾಗ ಎಲ್ಲಿದ್ದಿ?" ಅಂತ ಕೇಳಿದೆ.

ಸ್ವಲ್ಪ ಹೊತ್ತು ಯೋಚಿಸಿದ. "ಬೆಂಗಳೂರಾಗ, ಕಾಕಾ. ರಜಾದಾಗ ಗೋಡೌನ್ ಕೆಲಸಕ್ಕ ಹೋಗಿದ್ದೆ."

ಅಲ್ಲಿಗೆ ಗುಟ್ಟು ಬಿಚ್ಚಿತು. ಪಗಾರ ಹಾಕಬೇಕು, ಖಾತೆ ಬೇಕು ಅಂತ ಅಲ್ಲಿನ ಮೇಸ್ತ್ರಿ ಇಪ್ಪತ್ತು ಹುಡುಗರನ್ನು ಕೂರಿಸಿ, ಮೊಬೈಲಿನಲ್ಲೇ ಆಧಾರ್ ಒಟಿಪಿ ಹಾಕಿಸಿ ಒಂದೇ ದಿನ ಖಾತೆ ತೆರೆಸಿದ್ದ. ಆ ಅರ್ಜಿಯಲ್ಲಿ, ಸರ್ಕಾರದ ಸೌಲಭ್ಯದ ದುಡ್ಡು ಈ ಖಾತೆಗೆ ಬರಲಿ ಅನ್ನುವ ಒಂದು ಸಾಲು ಇತ್ತು. ಯಾರೂ ಓದಲಿಲ್ಲ. ಹೌದು ಅಂತ ಒತ್ತುತ್ತಾ ಹೋದರು. ಆವತ್ತು ಮ್ಯಾಪರ್ ಪಟ್ಟಿಯಲ್ಲಿ ಸೇಡಂ ಬ್ಯಾಂಕಿನ ಜಾಗಕ್ಕೆ ಬೆಂಗಳೂರಿನ ಬ್ಯಾಂಕು ಬಂದು ಕೂತಿತು. ಹಳೆಯ ಬ್ಯಾಂಕಿನಿಂದ ಇವನಿಗೆ ಒಂದು ಮಾತೂ ಬರಲಿಲ್ಲ.

ಕಲಬುರಗಿ, ಯಾದಗಿರಿ, ಬೀದರ್ ಮೂರೂ ಜಿಲ್ಲೆಗಳಲ್ಲಿ ಇದು ಜಾಸ್ತಿ ಆಗುವುದಕ್ಕೆ ಕಾರಣ ಹುಡುಕಿಕೊಂಡು ದೂರ ಹೋಗಬೇಕಿಲ್ಲ. ಇಲ್ಲಿಂದ ಬೆಂಗಳೂರು, ಹೈದರಾಬಾದ್, ಪುಣೆ, ಮುಂಬೈಗೆ ದುಡಿಯಲು ಹೋಗುವವರು ಬಹಳ. ಹೋದ ಕಡೆಯೆಲ್ಲ ಒಂದೊಂದು ಖಾತೆ. ಕೆಲಸ ಮುಗಿದು ಊರಿಗೆ ಬರುತ್ತಾರೆ. ಖಾತೆ ಅಲ್ಲೇ ಉಳಿಯುತ್ತದೆ. ಸಿಮ್ ಬದಲಾಗುತ್ತದೆ. ಮ್ಯಾಪರ್ ಮಾತ್ರ ಕೊನೆಗೆ ಹೇಳಿದ್ದನ್ನೇ ನೆನಪಿಟ್ಟುಕೊಂಡಿರುತ್ತದೆ.

ದುಡ್ಡು ಕಳೆದಿರಲಿಲ್ಲ ಅನ್ನುವುದು ಸಮಾಧಾನ. ಅವನ ಹೆಸರಿನ ಖಾತೆಯಲ್ಲೇ ಇತ್ತು. ಆದರೆ ಆ ಖಾತೆಗೆ ಕೊಟ್ಟಿದ್ದ ಮೊಬೈಲ್ ನಂಬರ್ ಈಗ ಇವನ ಹತ್ತಿರ ಇರಲಿಲ್ಲ. ಆ್ಯಪ್ ತೆರೆಯಲು ಬರಲಿಲ್ಲ. ಎಟಿಎಂ ಕಾರ್ಡ್ ತರಿಸಿಯೇ ಇರಲಿಲ್ಲ.

ಇಂಥ ಖಾತೆಗಳ ಬಗ್ಗೆ ಒಂದು ಮಾತು ಹೇಳಲೇಬೇಕು. ಬ್ಯಾಂಕಿನವರ ಮುಖ ನೋಡದೆ, ಬರೀ ಆಧಾರ್ ಒಟಿಪಿ ಮೇಲೆ ತೆರೆದ ಖಾತೆಗೆ ರಿಸರ್ವ್ ಬ್ಯಾಂಕಿನ ಮಿತಿ ಇದೆ. ಅದರಲ್ಲಿ 1 ಲಕ್ಷಕ್ಕಿಂತ ಜಾಸ್ತಿ ಇರಬಾರದು. ವರ್ಷದಲ್ಲಿ ಒಟ್ಟು 2 ಲಕ್ಷಕ್ಕಿಂತ ಜಾಸ್ತಿ ಜಮಾ ಆಗಬಾರದು. ಮುಖ್ಯವಾಗಿ, ಒಂದು ವರ್ಷದ ಒಳಗೆ ಪೂರ್ತಿ ಕೆವೈಸಿ ಮಾಡಿಸದಿದ್ದರೆ ಖಾತೆ ಮುಂದುವರಿಯುವುದಿಲ್ಲ. ಇವನ ಖಾತೆಗೆ ಆಗ ಹನ್ನೊಂದು ತಿಂಗಳು. ಇನ್ನೊಂದು ತಿಂಗಳು ಸುಮ್ನೆ ಕೂತಿದ್ದರೆ ಓಡಾಟ ಎರಡು ಪಟ್ಟಾಗುತ್ತಿತ್ತು.

ಆ ಬ್ಯಾಂಕಿನ ಶಾಖೆ ಕಲಬುರಗಿಯಲ್ಲೇ ಇತ್ತು. ಖಾತೆ ಬೆಂಗಳೂರಿನದಾದರೂ ಇಲ್ಲಿ ಕೆಲಸ ಆಗುತ್ತದೆ, ಬೆಂಗಳೂರಿಗೆ ಹೋಗಬೇಕಿಲ್ಲ. ಆಧಾರ್, ಪ್ಯಾನ್, ಎರಡು ಫೋಟೋ ತೆಗೆದುಕೊಂಡು ಹೋದ. ಹೆಬ್ಬೆಟ್ಟು ಕೊಟ್ಟು ಪೂರ್ತಿ ಕೆವೈಸಿ ಮಾಡಿಸಿದ. ಹೊಸ ಮೊಬೈಲ್ ನಂಬರ್ ಸೇರಿಸಿದರು. ಎರಡು ದಿನ ಬಿಟ್ಟು ದುಡ್ಡು ತೆಗೆಯಲು ಹೋದರೆ ಖಾತೆಯಲ್ಲಿ ಇದ್ದದ್ದು 14,292.

708 ರೂಪಾಯಿ ಎಲ್ಲಿ ಹೋಯಿತು? ಸ್ಟೇಟ್‌ಮೆಂಟ್ ತೆಗೆಸಿ ನೋಡಿದೆವು. ಪಗಾರ ಬರುವುದು ನಿಂತ ಮೇಲೆ ಬ್ಯಾಂಕು ಆ ಜೀರೋ ಬ್ಯಾಲೆನ್ಸ್ ಖಾತೆಯನ್ನು ಸಾಮಾನ್ಯ ಉಳಿತಾಯ ಖಾತೆ ಮಾಡಿತ್ತು. ಅದರಲ್ಲಿ ತಿಂಗಳ ಸರಾಸರಿ 10,000 ಇರಬೇಕು ಅನ್ನುವ ನಿಯಮ. ದುಡ್ಡು ಬಂದದ್ದು ಮಾರ್ಚ್ 25ಕ್ಕೆ. ಏಳು ದಿನ 15,000 ಇದ್ದರೆ 31 ದಿನದ ಸರಾಸರಿ 3,400ರ ಹತ್ತಿರ ಬರುತ್ತದೆ. 10,000 ಮುಟ್ಟಲಿಲ್ಲ. 600 ದಂಡ, ಅದರ ಮೇಲೆ ಶೇಕಡಾ 18ರಷ್ಟು ಜಿಎಸ್‌ಟಿ 108. ಓದುವ ಹುಡುಗನ ಊಟದ ದುಡ್ಡಿನಲ್ಲಿ ಇದನ್ನು ಮುರಿದುಕೊಂಡದ್ದು ನನಗೆ ಇವತ್ತಿಗೂ ಸರಿ ಅನ್ನಿಸಿಲ್ಲ. ಸ್ಕಾಲರ್‌ಶಿಪ್ ದುಡ್ಡು ಇದು ಅಂತ ಬರೆದುಕೊಟ್ಟು ವಾಪಸ್ ಕೇಳು ಅಂದೆ. ಬೇಡ ಕಾಕಾ, ಬಂದಷ್ಟೇ ಸಾಕು ಅಂದ.

ಇನ್ನು ಮುಂದಿನ ದುಡ್ಡು ಸೇಡಂ ಖಾತೆಗೆ ಬರುವ ಹಾಗೆ ಮಾಡಬೇಕಲ್ಲ. ಇಲ್ಲಿ ಬಹಳ ಜನ ಒಂದು ತಪ್ಪು ಮಾಡುತ್ತಾರೆ. ಬೇಡವಾದ ಬ್ಯಾಂಕಿಗೆ ಹೋಗಿ ಮೊದಲು ಆಧಾರ್ ತೆಗೆಸಿ ಹಾಕುತ್ತಾರೆ. ಆಮೇಲೆ ಬೇಕಾದ ಬ್ಯಾಂಕಿಗೆ ಹೋಗುತ್ತಾರೆ. ನಡುವೆ ಹದಿನೈದು ದಿನ, ತಿಂಗಳು ಕಳೆಯುತ್ತದೆ. ಅಷ್ಟರಲ್ಲಿ ಆಧಾರ್ ಯಾವ ಬ್ಯಾಂಕಿನದೂ ಅಲ್ಲದೆ Inactive ಆಗಿರುತ್ತದೆ. ಆ ಹೊತ್ತಿಗೆ ಬಿಲ್ ಬಂದರೆ ದುಡ್ಡು ವಾಪಸ್. ಹಾಗೆ ಮಾಡುವುದು ಬೇಡ. ತೆಗೆಸುವುದೇ ಬೇಕಿಲ್ಲ, ಬದಲಾಯಿಸಿದರೆ ಸಾಕು. ಬೇಕಾದ ಬ್ಯಾಂಕಿಗೆ ನೇರವಾಗಿ ಹೋಗಿ ಅರ್ಜಿ ಕೊಟ್ಟರೆ, ಹೊಸದು ಕೂರುತ್ತಲೇ ಹಳೆಯದು ತಾನೇ ಎದ್ದು ಹೋಗುತ್ತದೆ.

ಬ್ಯಾಂಕಿನಲ್ಲಿ ಇದಕ್ಕೆ ಒಂದು ಪುಟದ ಒಪ್ಪಿಗೆ ಅರ್ಜಿ ಇರುತ್ತದೆ. ಕೌಂಟರಿನಲ್ಲಿ "ಆಧಾರ್ ಲಿಂಕ್ ಮಾಡಿ" ಅನ್ನಬೇಡಿ. ಹಾಗೆ ಅಂದರೆ ಕಂಪ್ಯೂಟರ್ ನೋಡಿ ಆಗಿದೆ ಅನ್ನುತ್ತಾರೆ, ಮತ್ತೆ ಅದೇ ಕಥೆ. "ಡಿಬಿಟಿ ದುಡ್ಡು ಈ ಖಾತೆಗೆ ಬರಬೇಕು, ಎನ್‌ಪಿಸಿಐ ಮ್ಯಾಪಿಂಗ್ ಮಾಡಿಕೊಡಿ, ಈಗ ಬೇರೆ ಬ್ಯಾಂಕಿನಲ್ಲಿದೆ" ಅಂತ ಹೇಳಿ. ಅರ್ಜಿಯಲ್ಲಿ ಎರಡು ಆಯ್ಕೆ ಇರುತ್ತವೆ. ನನ್ನ ಆಧಾರ್ ಈವರೆಗೆ ಯಾವ ಬ್ಯಾಂಕಿಗೂ ಜೋಡಣೆಯಾಗಿಲ್ಲ ಅನ್ನುವುದು ಒಂದು. ಇಂಥ ಬ್ಯಾಂಕಿನಲ್ಲಿದೆ, ಅದನ್ನು ಇಲ್ಲಿಗೆ ಬದಲಾಯಿಸಿ ಅನ್ನುವುದು ಇನ್ನೊಂದು. ಬದಲಾಯಿಸುವವರು ಎರಡನೆಯದಕ್ಕೆ ಗುರುತು ಹಾಕಿ ಹಳೆಯ ಬ್ಯಾಂಕಿನ ಹೆಸರನ್ನು ಸರಿಯಾಗಿ ಬರೆಯಬೇಕು. ಆ ಹೆಸರು ಊಹೆ ಮಾಡಿ ಬರೆಯುವಂಥದ್ದಲ್ಲ. ಆಧಾರ್ ವೆಬ್‌ಸೈಟಿನಲ್ಲಿ ಏನು ಕಂಡಿತೋ ಅದನ್ನೇ ಬರೆಯಿರಿ. ಅದರ ಪ್ರಿಂಟ್ ತೆಗೆದುಕೊಂಡು ಹೋಗಿ ಅರ್ಜಿಗೆ ಪಿನ್ ಹೊಡೆದರೆ ಇನ್ನೂ ಒಳ್ಳೆಯದು. ಕೌಂಟರಿನವರಿಗೂ ಆಗ ವಿಷಯ ಬೇಗ ತಿಳಿಯುತ್ತದೆ. ಸಹಿ ಹಾಕಿ, ಅರ್ಜಿ ಮುಟ್ಟಿದೆ ಅನ್ನುವುದಕ್ಕೆ ಇನ್ನೊಂದು ಪ್ರತಿಯ ಮೇಲೆ ಸೀಲು ಹಾಕಿಸಿಕೊಳ್ಳಿ.

ಹುಡುಗ ಸೋಮವಾರ ಕೊಟ್ಟ. ಗುರುವಾರ ನೋಡಿದರೆ ಅದೇ ಹಳೆಯ ಹೆಸರು. ಶನಿವಾರ ನೋಡಿದಾಗ ಸೇಡಂ ಬ್ಯಾಂಕಿನ ಹೆಸರು ಬಂದಿತ್ತು, ತಾರೀಖೂ ಬದಲಾಗಿತ್ತು. ಇಲ್ಲಿ ತಾರೀಖನ್ನು ನೋಡುವುದು ಮುಖ್ಯ. ಒಂದು ವಾರ ಕಳೆದರೂ ತಾರೀಖು ಹಳೆಯದೇ ಇದ್ದರೆ ನಿಮ್ಮ ಅರ್ಜಿ ಇನ್ನೂ ಮೇಜಿನ ಡ್ರಾಯರ್‌ನಲ್ಲೇ ಇದೆ ಅಂತ ತಿಳಿಯಿರಿ. ಸೀಲು ಹಾಕಿದ ಪ್ರತಿ ಹಿಡಿದು ಮತ್ತೆ ಹೋಗಿ.

ಶಾಖೆ ದೂರ ಇದ್ದವರಿಗೆ ಇನ್ನೊಂದು ದಾರಿಯೂ ಇದೆ. `npci.org.in` ವೆಬ್‌ಸೈಟಿನಲ್ಲಿ Bharat Aadhaar Seeding Enabler ಅಂತ ಒಂದು ಪುಟವಿದೆ. ಅಲ್ಲಿ ಆಧಾರ್ ನಂಬರ್ ಹಾಕಿ, ಬ್ಯಾಂಕು ಆರಿಸಿ, ಖಾತೆ ನಂಬರ್ ಕೊಟ್ಟು, ಒಟಿಪಿ ಹಾಕಿದರೆ ಅರ್ಜಿ ಬ್ಯಾಂಕಿಗೆ ಹೋಗುತ್ತದೆ. ಹೊಸದಾಗಿ ಜೋಡಿಸುವುದು, ಒಂದು ಬ್ಯಾಂಕಿನಿಂದ ಇನ್ನೊಂದಕ್ಕೆ ಬದಲಾಯಿಸುವುದು, ಅದೇ ಬ್ಯಾಂಕಿನ ಬೇರೆ ಖಾತೆಗೆ ಬದಲಾಯಿಸುವುದು, ಮೂರೂ ಅಲ್ಲಿ ಆಗುತ್ತವೆ. ಆದರೆ ಎಲ್ಲ ಬ್ಯಾಂಕುಗಳೂ ಆ ಪಟ್ಟಿಯಲ್ಲಿಲ್ಲ. ನಿಮ್ಮದು ಇಲ್ಲದಿದ್ದರೆ ಶಾಖೆಗೇ ಹೋಗಬೇಕು. ಆಧಾರ್‌ಗೆ ಮೊಬೈಲ್ ನಂಬರ್ ಸೇರಿರದಿದ್ದರೆ ಮೊಬೈಲಿನಲ್ಲಿ ಮಾಡುವ ಈ ಯಾವುದೂ ನಡೆಯುವುದಿಲ್ಲ, ಒಟಿಪಿ ಬರಬೇಕಲ್ಲ. ಅಂಥವರು ಮೊದಲು ಆಧಾರ್ ಕೇಂದ್ರಕ್ಕೆ ಹೋಗಿ ಮೊಬೈಲ್ ಸೇರಿಸಿಕೊಳ್ಳಬೇಕು.

ಈಗ ಎರಡು ಪಟ್ಟಿ ಅಂದೆನಲ್ಲ, ಅದಕ್ಕೆ ಬರೋಣ. ಕೆಲವರದು ಇದಕ್ಕಿಂತ ಕಗ್ಗಂಟು. ಆಧಾರ್ ವೆಬ್‌ಸೈಟಿನಲ್ಲಿ ಸರಿಯಾದ ಬ್ಯಾಂಕೇ ಇರುತ್ತದೆ, Active ಅಂತಲೂ ಇರುತ್ತದೆ. ಆದರೂ ದುಡ್ಡು ವಾಪಸ್ ಹೋಗುತ್ತಿರುತ್ತದೆ. ಯಾದಗಿರಿಯಲ್ಲಿ ಒಬ್ಬ ಅಕ್ಕನದು ಹೀಗೇ ಆಗಿತ್ತು. ಆಕೆಗೆ ಒಂದೇ ಬ್ಯಾಂಕಿನಲ್ಲಿ ಎರಡು ಖಾತೆ. ಹಳೆಯದು ಜನಧನ ಖಾತೆ, ಇನ್ನೊಂದು ಸಂಘದ ಸಾಲಕ್ಕಾಗಿ ಆಮೇಲೆ ತೆರೆದದ್ದು. ಎರಡು ಯಾಕೆ ಅಂತ ಯಾರೋ ಹೇಳಿ ಜನಧನ ಖಾತೆ ಮುಚ್ಚಿಸಿದ್ದರು. ಬ್ಯಾಂಕಿನ ಒಳಗಿನ ಪಟ್ಟಿಯಲ್ಲಿ ಆಕೆಯ ಆಧಾರ್ ಇದ್ದದ್ದು ಆ ಮುಚ್ಚಿದ ಖಾತೆಗೆ. ಎನ್‌ಪಿಸಿಐ ದುಡ್ಡನ್ನು ಸರಿಯಾದ ಬ್ಯಾಂಕಿಗೇ ತಂದು ಕೊಡುತ್ತಿತ್ತು. ಬ್ಯಾಂಕು ಒಳಗೆ ನೋಡಿ, ಈ ಆಧಾರ್‌ಗೆ ನಮ್ಮಲ್ಲಿ ಖಾತೆಯೇ ಇಲ್ಲ ಅಂತ ವಾಪಸ್ ಕಳಿಸುತ್ತಿತ್ತು. ಹೊರಗಿನ ಪಟ್ಟಿಯಲ್ಲಿ ಬ್ಯಾಂಕಿನ ಹೆಸರು ಅಷ್ಟೇ ಇರುವುದರಿಂದ ಅದು Active ಅಂತಲೇ ತೋರಿಸುತ್ತಿತ್ತು.

ಇಂಥದ್ದನ್ನು ನೀವು ಹೊರಗಿನಿಂದ ಕಂಡುಹಿಡಿಯಲಾರಿರಿ. ಒಂದು ಸುಳಿವು ಮಾತ್ರ ಸಿಗುತ್ತದೆ. ಇಲಾಖೆಯ ಕಡೆ ಪಾವತಿ ವಿಫಲ ಅಂತ ಇದ್ದು, ಆಧಾರ್ ವೆಬ್‌ಸೈಟಿನಲ್ಲಿ Active ಅಂತ ಇದ್ದರೆ, ತೊಂದರೆ ಬ್ಯಾಂಕಿನ ಒಳಗಿದೆ. ಆಗ ಶಾಖೆಗೆ ಹೋಗಿ "ನನ್ನ ಆಧಾರ್ ನಿಮ್ಮಲ್ಲಿ ಯಾವ ಖಾತೆ ನಂಬರಿಗೆ ಡಿಬಿಟಿಗಾಗಿ ಜೋಡಣೆಯಾಗಿದೆ, ಆ ನಂಬರ್ ಹೇಳಿ" ಅಂತ ಕೇಳಬೇಕು. ಆಗಿದೆ, ಇಲ್ಲ ಅನ್ನುವ ಉತ್ತರ ಸಾಲದು. ನಂಬರನ್ನೇ ಕೇಳಿ ಪಾಸ್‌ಬುಕ್ ಜೊತೆ ತಾಳೆ ನೋಡಿ. ಆ ಅಕ್ಕನಿಗೆ ನಂಬರ್ ಹೇಳಿಸಿದ ಮೇಲೆ ಕೆಲಸ ಹತ್ತು ನಿಮಿಷದ್ದಾಗಿತ್ತು. ಅದಕ್ಕೂ ಮೊದಲು ನಾಲ್ಕು ತಿಂಗಳು ಅಂಗನವಾಡಿ, ತಾಲ್ಲೂಕು ಕಚೇರಿ, ಗ್ರಾಮ ಒನ್ ಅಂತ ಓಡಾಡಿದ್ದರು.

ಖಾತೆ ಸರಿಯಾಗಿದ್ದೂ ದುಡ್ಡು ಕೂರದ ಇನ್ನೊಂದು ಕಾರಣ ಕೆವೈಸಿ ಹಳೆಯದಾಗಿರುವುದು. ಬ್ಯಾಂಕುಗಳು ಸಾಮಾನ್ಯ ಗ್ರಾಹಕರ ಕೆವೈಸಿಯನ್ನು ಹತ್ತು ವರ್ಷಕ್ಕೊಮ್ಮೆ ಹೊಸದು ಮಾಡಬೇಕು. ಜನಧನ ಯೋಜನೆ ಶುರುವಾದದ್ದು 2014ರ ಆಗಸ್ಟ್‌ನಲ್ಲಿ. ಆಗ ಒಟ್ಟೊಟ್ಟಿಗೆ ತೆರೆದ ಖಾತೆಗಳಿಗೆ ಒಟ್ಟೊಟ್ಟಿಗೇ ಹತ್ತು ವರ್ಷ ತುಂಬಿತು. ಅದಕ್ಕೇ ಈಗೀಗ ಖಾತೆ ತಡೆಹಿಡಿದ ದೂರು ಜಾಸ್ತಿ ಕೇಳುತ್ತಿರುವುದು. ಆಧಾರ್ ಹಿಡಿದು ಶಾಖೆಗೆ ಹೋದರೆ ಇದು ಸರಿಹೋಗುತ್ತದೆ.

ಎರಡು ವರ್ಷ ವ್ಯವಹಾರ ಇಲ್ಲ, ಖಾತೆ ನಿಷ್ಕ್ರಿಯವಾಗಿದೆ ಅಂತ ಬ್ಯಾಂಕು ಹೇಳಿದರೆ ಒಂದು ನಿಯಮ ನೆನಪಿರಲಿ. 2024ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ರಿಸರ್ವ್ ಬ್ಯಾಂಕಿನ ಸೂಚನೆ ಪ್ರಕಾರ, ಸ್ಕಾಲರ್‌ಶಿಪ್ ಮತ್ತು ಸರ್ಕಾರಿ ಸೌಲಭ್ಯಕ್ಕಾಗಿ ತೆರೆದ ಜೀರೋ ಬ್ಯಾಲೆನ್ಸ್ ಖಾತೆಯನ್ನು ಬರೀ ಆ ಕಾರಣಕ್ಕೆ ನಿಷ್ಕ್ರಿಯ ಮಾಡುವಂತಿಲ್ಲ. ನಿಷ್ಕ್ರಿಯವಾದ ಬೇರೆ ಖಾತೆಯನ್ನು ಮತ್ತೆ ಚಾಲೂ ಮಾಡಲೂ ದುಡ್ಡು ಕೇಳುವಂತಿಲ್ಲ. ಕೌಂಟರಿನಲ್ಲಿ ಇದನ್ನು ಮೆತ್ತಗೆ ನೆನಪಿಸಿದರೆ ಸಾಕಾಗುತ್ತದೆ. ಶಾಖೆಯವರು ಕೇಳದಿದ್ದರೆ ಬರೆದು ದೂರು ಕೊಡಿ. ಮೂವತ್ತು ದಿನದಲ್ಲಿ ಉತ್ತರ ಬರದಿದ್ದರೆ `cms.rbi.org.in` ನಲ್ಲಿ ಒಂಬುಡ್ಸ್‌ಮನ್‌ಗೆ ಬರೆಯಬಹುದು. ಅದಕ್ಕೆ ಶುಲ್ಕ ಇಲ್ಲ.

ನಮ್ಮ ಕಡೆ ಹಳೆಯ ಪಾಸ್‌ಬುಕ್‌ಗಳ ತಲೆಬಿಸಿ ಬೇರೆ ಇದೆ. ಸ್ಟೇಟ್ ಬ್ಯಾಂಕ್ ಆಫ್ ಹೈದರಾಬಾದ್ 2017ರ ಏಪ್ರಿಲ್ 1ಕ್ಕೆ ಎಸ್‌ಬಿಐ ಜೊತೆ ಸೇರಿತು. ಸಿಂಡಿಕೇಟ್ ಬ್ಯಾಂಕ್ 2020ರಲ್ಲಿ ಕೆನರಾ ಜೊತೆ ಸೇರಿತು. ಔರಾದ್, ಚಿಂಚೋಳಿ ಕಡೆಯ ಹಳ್ಳಿಗಳಲ್ಲಿ ಈಗಲೂ ಎಸ್‌ಬಿಎಚ್ ಅಂತಲೇ ಕರೆಯುವವರಿದ್ದಾರೆ. ಐಎಫ್‌ಎಸ್‌ಸಿ ಬದಲಾಗಿದೆ, ಅದಕ್ಕೇ ದುಡ್ಡು ಬಂದಿಲ್ಲ ಅಂತ ಝೆರಾಕ್ಸ್ ಅಂಗಡಿಯವರು ಹೇಳಿ ಕಳಿಸುತ್ತಾರೆ. ಖಾತೆ ನಂಬರಿಗೆ ಕಳಿಸುವ ದುಡ್ಡಿಗೆ ಆ ಮಾತು ನಿಜ. ಆಧಾರ್ ದಾರಿಯಲ್ಲಿ ಬರುವ ದುಡ್ಡಿಗೆ ಐಎಫ್‌ಎಸ್‌ಸಿ ಲೆಕ್ಕಕ್ಕೇ ಇಲ್ಲ. ಆ ಕೋಡ್ ತಿದ್ದಿಸಲು ಓಡಾಡಿ ದಿನಗೂಲಿ ಕಳೆದುಕೊಳ್ಳಬೇಡಿ.

ಇಷ್ಟೆಲ್ಲ ಬ್ಯಾಂಕಿನ ಮಾತಾಯಿತು. ದುಡ್ಡು ಹೊರಟೇ ಇಲ್ಲದಿದ್ದರೆ ಬ್ಯಾಂಕಿನಲ್ಲಿ ಏನು ಮಾಡಿದರೂ ವ್ಯರ್ಥ. ರಾಜ್ಯದ ಸ್ಕಾಲರ್‌ಶಿಪ್ ಆದರೆ ಎಸ್‌ಎಸ್‌ಪಿ ಪೋರ್ಟಲಿನಲ್ಲಿ ಅರ್ಜಿ ಯಾವ ಹಂತದಲ್ಲಿದೆ ಅಂತ ನೋಡಿ. ಕಾಲೇಜಿನವರ ಪರಿಶೀಲನೆಯಲ್ಲೇ ನಿಂತಿರಬಹುದು. ಜಾತಿ, ಆದಾಯ ಪ್ರಮಾಣಪತ್ರದ ಆರ್‌ಡಿ ನಂಬರ್ ಹೊಂದದೆ ಇರಬಹುದು. ಆಧಾರ್‌ನಲ್ಲಿ ಒಂದು ಹೆಸರು, ಅಂಕಪಟ್ಟಿಯಲ್ಲಿ ಇನ್ನೊಂದು ಇರಬಹುದು. ಬೀದರ್ ಕಡೆ ಒಂದೇ ಹೆಸರನ್ನು ಕನ್ನಡ, ಉರ್ದು, ಮರಾಠಿ ಬಲ್ಲ ಮೂವರು ಮೂರು ಥರ ಬರೆದಿರುತ್ತಾರೆ. ಕೇಂದ್ರದ ಯೋಜನೆಗಳ ಪಾವತಿಯನ್ನು `pfms.nic.in` ನಲ್ಲಿ ನೋಡಬಹುದು. ಅಲ್ಲೂ ಏನೂ ಇಲ್ಲ ಅಂದರೆ ನೀವು ಹೋಗಬೇಕಾದದ್ದು ಕಾಲೇಜಿಗೆ ಅಥವಾ ಇಲಾಖೆಯ ತಾಲ್ಲೂಕು ಕಚೇರಿಗೆ.

ವಾಪಸ್ ಹೋದ ದುಡ್ಡಿನ ಬಗ್ಗೆ ಒಂದು ಮಾತು. ಅದು ಮುಳುಗುವುದಿಲ್ಲ, ಇಲಾಖೆಗೆ ಹಿಂದಿರುಗುತ್ತದೆ. ಜೋಡಣೆ ಸರಿಮಾಡಿದ ತಕ್ಷಣ ಅದು ತಾನೇ ಬಂದು ಬೀಳುತ್ತದೆ ಅಂದುಕೊಳ್ಳಬೇಡಿ. ಇಲಾಖೆಯವರು ಮತ್ತೆ ಕಳಿಸಬೇಕು. ಜೋಡಣೆ ಬದಲಾದ ಪುಟದ ಪ್ರಿಂಟ್ ಜೊತೆಗಿಟ್ಟು, ಇಂಥ ತಾರೀಖಿನಿಂದ ಸರಿಯಾಗಿದೆ, ವಿಫಲವಾದ ಪಾವತಿ ಮತ್ತೆ ಕಳಿಸಿ ಅಂತ ಒಂದು ಅರ್ಜಿ ಕೊಟ್ಟರೆ ಅವರಿಗೂ ಹಿಡಿಯಲು ಒಂದು ದಾರ ಸಿಗುತ್ತದೆ.

ಕೊನೆಗೆ ಹೆಬ್ಬೆಟ್ಟಿನ ವಿಷಯ. ಹಳ್ಳಿಗೆ ಬಂದು ಖಾತೆ ತೆರೆದುಕೊಡುವವರು, ದುಡ್ಡು ಬಿಡಿಸಿಕೊಡುವ ಬ್ಯಾಂಕ್ ಮಿತ್ರರು, ಸಿಮ್ ಮಾರುವವರು, ಎಲ್ಲರ ಹತ್ತಿರವೂ ಒಂದು ಪುಟ್ಟ ಯಂತ್ರ. ಒತ್ತಿಸಿಕೊಳ್ಳುವುದು ಒಂದು ಕೆಲಸಕ್ಕೆ, ಆಗುವುದು ಇನ್ನೊಂದು. 2017ರಲ್ಲಿ ಸಿಮ್‌ಗೆ ಆಧಾರ್ ಸೇರಿಸಲು ಹೋದ ಲಕ್ಷಾಂತರ ಜನರಿಗೆ ಗೊತ್ತಿಲ್ಲದೆ ಸಿಮ್ ಕಂಪನಿಯದೇ ಪೇಮೆಂಟ್ಸ್ ಬ್ಯಾಂಕ್ ಖಾತೆ ತೆರೆದು, ಅವರ ಗ್ಯಾಸ್ ಸಬ್ಸಿಡಿ ಅಲ್ಲಿಗೆ ಹೋಗಿತ್ತು. ದೇಶದ ತುಂಬ ಗಲಾಟೆಯಾಗಿ, ಆ ಕಂಪನಿಯ ಆಧಾರ್ ಪರಿಶೀಲನೆಯ ಪರವಾನಗಿಯನ್ನೇ ಸ್ವಲ್ಪ ಕಾಲ ತಡೆಹಿಡಿದರು. ಅಂಚೆಯವರು ಮನೆಗೆ ಬಂದು ತೆರೆಯುವ ಪೋಸ್ಟ್ ಪೇಮೆಂಟ್ಸ್ ಬ್ಯಾಂಕ್ ಖಾತೆ ನಿಜಕ್ಕೂ ಅನುಕೂಲ, ಡಿಬಿಟಿ ಜೋಡಣೆಯೂ ಬೇಗ ಆಗುತ್ತದೆ. ಯಾವ ಬ್ಯಾಂಕೂ ಸರಿಯಾಗಿ ಮಾಡಿಕೊಡದವರಿಗೆ ನಾನೂ ಅದನ್ನೇ ಹೇಳುತ್ತೇನೆ. ಆದರೆ ಅದನ್ನು ತೆರೆದ ಮೇಲೆ ದುಡ್ಡು ಅಲ್ಲಿಗೆ ಹೋಗುತ್ತದೆ, ಹಳೆಯ ಪಾಸ್‌ಬುಕ್‌ಗೆ ಬರುವುದಿಲ್ಲ. ಎಷ್ಟೋ ಮನೆಗಳಲ್ಲಿ ದುಡ್ಡು ಬಂದಿಲ್ಲ ಅಂತ ಅಳುವ ಅಜ್ಜಿಯ ತಿಂಗಳ ಪಿಂಚಣಿ, ಟ್ರಂಕಿನಲ್ಲಿಟ್ಟ ಆ ಪೋಸ್ಟ್ ಬ್ಯಾಂಕಿನ ಕಾರ್ಡಿನ ಖಾತೆಯಲ್ಲಿ ಬೆಳೆಯುತ್ತಾ ಕೂತಿರುತ್ತದೆ.

ಈ ವರ್ಷ ರಜೆಯಲ್ಲಿ ಆ ಹುಡುಗ ಹೈದರಾಬಾದ್‌ಗೆ ಕೆಲಸಕ್ಕೆ ಹೋದ. ಅಲ್ಲೂ ಪಗಾರಕ್ಕೆ ಹೊಸ ಖಾತೆ ಬೇಕೆಂದರಂತೆ. ರಾತ್ರಿ ಫೋನ್ ಮಾಡಿದ. "ಕಾಕಾ, ಸರ್ಕಾರದ ರೊಕ್ಕ ಈ ಖಾತೆಗಿ ಬರಬೇಕೇನು ಅಂತ ಕೇಳಲತ್ತದ. ಏನ್ ಒತ್ತಲಿ?"

ಬೇಡ ಅಂತ ಒತ್ತು ಅಂದೆ. ಮೂರು ದಿನ ಬಿಟ್ಟು ತಾನೇ ಆಧಾರ್ ವೆಬ್‌ಸೈಟ್ ನೋಡಿ ಸ್ಕ್ರೀನ್‌ಶಾಟ್ ಕಳಿಸಿದ. ಸೇಡಂ ಬ್ಯಾಂಕೇ ಇತ್ತು, ತಾರೀಖೂ ಹೋದ ವರ್ಷದ ಮೇ ತಿಂಗಳದೇ.